ಬೂಟ್ ಮೋಡಿನ ತಪ್ಪನ್ನು ಒಂದು ಅಂಕಿಯಿಂದ ಹಿಡಿದದ್ದು: ತಿಕೋಟಾದ ಶೆಡ್ಡಿನ ಅನುಭವ

ತಿಕೋಟಾ ಭಾಗದ ರೈತರೊಬ್ಬರ ಒಣದ್ರಾಕ್ಷಿ ಶೆಡ್ಡಿಗೆ ನಾನು ಇಎಸ್‌ಪಿ32 ಬೋರ್ಡಿನಿಂದ ಉಷ್ಣತೆ ತೋರಿಸುವ ಒಂದು ಸಣ್ಣ ಪೆಟ್ಟಿಗೆ ಮಾಡಿಕೊಟ್ಟಿದ್ದೆ. ದ್ರಾಕ್ಷಿ ಹಾಸಿದ ಬಲೆಗಳ ನಡುವೆ ಡಿಎಸ್18ಬಿ20 ಸೆನ್ಸರ್ ಇಳಿಬಿಟ್ಟು, ಅದರ ವೈರನ್ನು ಪೆಟ್ಟಿಗೆಯೊಳಗಿನ ಕನೆಕ್ಟರಿಗೆ ತಂದಿದ್ದೆ. ಹಂಗಾಮು ಶುರುವಾದ ಮೇಲೆ ಎಚ್ಚರಿಕೆಯ ಮಿತಿಯನ್ನು ಬದಲಿಸಬೇಕೆಂದು ಅವರು ಕೇಳಿದರು. ಪ್ರೋಗ್ರಾಮಿನಲ್ಲಿ ಒಂದೇ ಸಾಲಿನ ಕೆಲಸವಾದ್ದರಿಂದ ವಿಜಯಪುರದಿಂದ ಲ್ಯಾಪ್‌ಟಾಪ್ ತೆಗೆದುಕೊಂಡು ನಾನೇ ಹೋದೆ. ಯುಎಸ್‌ಬಿ ಕೇಬಲ್ ಚುಚ್ಚಿ ಅಪ್‌ಲೋಡ್ ಕೊಟ್ಟಾಗ ಚುಕ್ಕಿಗಳು ಮೂಡುತ್ತ ಹೋಗಿ, ಕೊನೆಗೆ ಈ ಸಾಲು ಬಂತು:

```
A fatal error occurred: Failed to connect to ESP32: Wrong boot mode detected (0xb)! The chip needs to be in download mode.
```

ಇಂಥ ಸಂದೇಶ ಬಂದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಬೂಟ್ ಬಟನ್ ಒತ್ತಿ ಹಿಡಿದು, ಚಿಪ್ಪನ್ನು ರೀಸೆಟ್ ಮಾಡುವ ಇಎನ್ ಬಟನ್ ಒಮ್ಮೆ ಒತ್ತಿ ಬಿಟ್ಟು, ಆಮೇಲೆ ಬೂಟ್ ಬಿಟ್ಟೆ. ಮತ್ತೆ ಅದೇ ಸಾಲು. ಕೇಬಲ್ ಬದಲಿಸಿದೆ, ಅಪ್‌ಲೋಡಿನ ವೇಗ ಇಳಿಸಿದೆ, ಫಲ ಸಿಗಲಿಲ್ಲ. ಪಕ್ಕದಲ್ಲೇ ನಿಂತಿದ್ದ ರೈತರು, “ಸರ, ಅದು ಟೆಂಪರೇಚರ್ ಸರಿಯಾಗೇ ತೋರಸಾಕತ್ತೈತಲ್ರಿ, ಮತ್ಯಾಕ ಒಲ್ಲೆ ಅಂತೈತಿ?” ಎಂದು ಕೇಳಿದರು. ಆ ಪ್ರಶ್ನೆ ನಿಜಕ್ಕೂ ಸರಿಯಾದ ಜಾಗವನ್ನೇ ಮುಟ್ಟಿತ್ತು: ಹಳೆಯ ಪ್ರೋಗ್ರಾಮ್ ಯಾವ ತೊಂದರೆಯೂ ಇಲ್ಲದೆ ಓಡುತ್ತಿತ್ತು, ಹೊಸದನ್ನು ಮಾತ್ರ ಚಿಪ್ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಆ ಹೊತ್ತಿನಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಸೆನ್ಸರಿನ ಕನೆಕ್ಟರ್ ಕಳಚಿ, ಬೋರ್ಡನ್ನು ಮಾತ್ರ ವಿಜಯಪುರಕ್ಕೆ ತಂದೆ. ಅಂಗಡಿಯ ಮೇಜಿನ ಮೇಲೆ ಅದೇ ಲ್ಯಾಪ್‌ಟಾಪ್, ಅದೇ ಕೇಬಲ್, ಮೊದಲ ಯತ್ನಕ್ಕೇ ಅಪ್‌ಲೋಡ್ ಆಯಿತು. ಶೆಡ್ಡಿನ ಧೂಳು ಅಥವಾ ಅಲ್ಲಿಯ ಕರೆಂಟು ಕಾರಣವಿರಬೇಕೆಂದು ನಾನು ಆಗ ಅಂದುಕೊಂಡೆ, ಅದು ತಪ್ಪಾಗಿತ್ತು.

ಅಂದು ರಾತ್ರಿ ಆ ಸಂದೇಶದ ಆವರಣದೊಳಗಿನ 0xb ಎಂಬುದನ್ನು ಮತ್ತೆ ನೋಡಿದೆ. ಈ ದೋಷ ಬಂದಾಗ ಸಾಮಾನ್ಯವಾಗಿ ಕಾಣುವುದು 0x13. ಇಲ್ಲಿ ಬೇರೆ ಅಂಕಿ ಇದ್ದದ್ದನ್ನು ನಾನು ಗಮನಿಸಿಯೂ ಕಡೆಗಣಿಸಿದ್ದೆ. ಈ ಅಂಕಿ ದೋಷದ ಕ್ರಮಸಂಖ್ಯೆಯಲ್ಲ. ರೀಸೆಟ್ ಆದ ಕ್ಷಣದಲ್ಲಿ ಚಿಪ್ ತನ್ನ ಕೆಲವು ಪಿನ್‌ಗಳನ್ನು ಓದಿ, ಅವುಗಳ ಸ್ಥಿತಿಯನ್ನು ಹಿಡಿದಿಟ್ಟುಕೊಂಡು, ಎಲ್ಲಿಂದ ಶುರುವಾಗಬೇಕೆಂದು ತೀರ್ಮಾನಿಸುತ್ತದೆ. ಆ ಓದನ್ನೇ ಸೀರಿಯಲ್ ಲೈನಿನಲ್ಲಿ ಅಂಕಿಯಾಗಿ ಹೇಳುತ್ತದೆ. ಇಎಸ್‌ಪಿ32ರಲ್ಲಿ ಜಿಪಿಐಒ 0 ಎಂಬ ಪಿನ್ ಹೈ ಇದ್ದರೆ ಅಂಕಿಗೆ 0x10 ಸೇರುತ್ತದೆ, ಜಿಪಿಐಒ 2 ಹೈ ಇದ್ದರೆ 0x08, ಜಿಪಿಐಒ 15ಕ್ಕೆ 0x02, ಜಿಪಿಐಒ 5ಕ್ಕೆ 0x01. ಕೊನೆಯ ಎರಡು ಪಿನ್‌ಗಳು ಏನೂ ಜೋಡಿಸದಿದ್ದರೆ ಹೈ ಇರುತ್ತವೆ, ಹಾಗಾಗಿ 0x03 ಎಂಬುದು ಯಾವಾಗಲೂ ಇರುವ ತಳದ ಲೆಕ್ಕ.

ಈಗ ಎರಡನ್ನೂ ಬಿಡಿಸಿ ನೋಡಿದರೆ ವಿಷಯ ತಾನಾಗಿ ತಿಳಿಯುತ್ತದೆ. 0x13 ಎಂದರೆ 0x03ಕ್ಕೆ 0x10 ಕೂಡಿದ್ದು, ಅಂದರೆ ಬೂಟ್ ಬಟನ್ ಒತ್ತಿದಾಗ ಲೋ ಆಗಬೇಕಾದ ಜಿಪಿಐಒ 0 ಕೆಳಗೆ ಇಳಿದೇ ಇಲ್ಲ. ಬೂಟ್ ಬಟನ್ ಸರಿಯಾಗಿ ಒತ್ತಿಲ್ಲ ಅಥವಾ ಬೋರ್ಡಿನ ಸ್ವಯಂ ರೀಸೆಟ್ ಭಾಗ ಕೆಲಸ ಮಾಡುತ್ತಿಲ್ಲ. 0xb ಎಂದರೆ 0x03ಕ್ಕೆ 0x08 ಕೂಡಿದ್ದು. ಜಿಪಿಐಒ 0 ಸರಿಯಾಗಿಯೇ ಇಳಿದಿದೆ, ನನ್ನ ಬಟನ್ ಒತ್ತುವಿಕೆಯಲ್ಲಿ ದೋಷವಿರಲಿಲ್ಲ, ಆದರೆ ಜಿಪಿಐಒ 2 ಮೇಲೆ ಉಳಿದಿದೆ. ಹೊಸ ಪ್ರೋಗ್ರಾಮ್ ತುಂಬಿಸಿಕೊಳ್ಳುವ ಡೌನ್‌ಲೋಡ್ ಮೋಡಿಗೆ ಹೋಗಲು ಈ ಎರಡೂ ಪಿನ್‌ಗಳು ಲೋ ಇರಬೇಕು. ಜಿಪಿಐಒ 0 ಹೈ ಇದ್ದಾಗ ಚಿಪ್ ಜಿಪಿಐಒ 2ರ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಫ್ಲ್ಯಾಶಿನಿಂದಲೇ ಓಡುತ್ತದೆ. ಶೆಡ್ಡಿನಲ್ಲಿ ಹಳೆಯ ಪ್ರೋಗ್ರಾಮ್ ನಿರಾತಂಕವಾಗಿ ಓಡುತ್ತಿದ್ದುದಕ್ಕೆ ಇದೇ ಕಾರಣ.

ಜಿಪಿಐಒ 2ಕ್ಕೆ ನಾನು ಜೋಡಿಸಿದ್ದು ಸೆನ್ಸರಿನ ಡೇಟಾ ವೈರು. ಡಿಎಸ್18ಬಿ20ಕ್ಕೆ ಡೇಟಾ ಲೈನಿನಿಂದ 3.3 ವೋಲ್ಟಿಗೆ 4.7 ಕಿಲೋಓಮ್ ರೆಸಿಸ್ಟರ್ ಹಾಕಲೇಬೇಕು, ಅದನ್ನು ನಾನು ಸೆನ್ಸರಿನ ಕಡೆಯ ಕನೆಕ್ಟರಿನಲ್ಲೇ ಬೆಸುಗೆ ಹಾಕಿದ್ದೆ. ಚಿಪ್ಪಿನ ಒಳಗೆ ಜಿಪಿಐಒ 2ನ್ನು ಕೆಳಗೆಳೆಯುವ ರೆಸಿಸ್ಟರ್ ಇದೆ, ಆದರೆ ಅದು ಸುಮಾರು 45 ಕಿಲೋಓಮ್‌ನದು, ಬಲ ಸಾಲದು. ಎರಡೂ ಸೇರಿದಾಗ ಪಿನ್ ಮೇಲೆ ನಿಲ್ಲುವ ವೋಲ್ಟೇಜ್ ಹೀಗೆ:

```
3.3 × 45 / (45 + 4.7) ≈ 2.99 V
```

ಸುಮಾರು 2.5 ವೋಲ್ಟ್ ದಾಟಿದರೆ ಚಿಪ್ ಅದನ್ನು ಹೈ ಎಂದೇ ಓದುತ್ತದೆ. ಅಂಗಡಿಗೆ ತರುವಾಗ ಕನೆಕ್ಟರಿನ ಜೊತೆಗೆ ಆ ರೆಸಿಸ್ಟರೂ ಶೆಡ್ಡಿನಲ್ಲೇ ಉಳಿದಿತ್ತು, ಆದ್ದರಿಂದಲೇ ಮೇಜಿನ ಮೇಲೆ ಎಲ್ಲವೂ ಸರಿಹೋಯಿತು. ಪೆಟ್ಟಿಗೆ ಕಟ್ಟುವ ಮೊದಲು ಬರಿಯ ಬೋರ್ಡಿಗೆ ಪ್ರೋಗ್ರಾಮ್ ತುಂಬಿದ್ದರಿಂದ ಮೊದಲ ಸಲವೂ ಈ ದೋಷ ಕಣ್ಣಿಗೆ ಬಿದ್ದಿರಲಿಲ್ಲ.

ಊಹೆಯ ಮೇಲೆ ನಿಲ್ಲಬಾರದೆಂದು ಮೇಜಿನ ಮೇಲೆಯೇ ಪರೀಕ್ಷಿಸಿದೆ. ಸೀರಿಯಲ್ ಮಾನಿಟರ್ 115200 ವೇಗದಲ್ಲಿ ತೆರೆದು, ಬೂಟ್ ಒತ್ತಿ ಹಿಡಿದು ಇಎನ್ ಒತ್ತಿ ಬಿಟ್ಟಾಗ ಬಂದ ಸಾಲಿನಲ್ಲಿ `boot:0x3` ಇತ್ತು, ಅದರ ಕೆಳಗೆ `waiting for download` ಎಂದಿತ್ತು. ಬಳಿಕ 4.7 ಕಿಲೋಓಮ್‌ನ ಒಂದು ರೆಸಿಸ್ಟರನ್ನು ಜಿಪಿಐಒ 2ರಿಂದ 3.3 ವೋಲ್ಟಿಗೆ ಇಟ್ಟು ಅದೇ ಕ್ರಮವನ್ನು ಮಾಡಿದೆ. `boot:0xb` ಬಂತು, ಕೆಳಗಿನ ಸಾಲು ಮಾಯವಾಯಿತು. ರೆಸಿಸ್ಟರ್ ಎತ್ತಿದರೆ ಮತ್ತೆ 0x3, ಇಟ್ಟರೆ 0xb. ಸೆನ್ಸರ್ ಇಲ್ಲದೆ ರೆಸಿಸ್ಟರ್ ಒಂದೇ ಸಾಕಾಗಿತ್ತು. ರೆಸಿಸ್ಟರ್ ಇದ್ದು, ಬೂಟ್ ಬಟನ್ ಮುಟ್ಟದೆ ಇಎನ್ ಮಾತ್ರ ಒತ್ತಿದಾಗ 0x1b ಬರುತ್ತಿತ್ತು, ಅಂದರೆ 0x13ಕ್ಕೆ ಅದೇ 0x08 ಕೂಡಿದ್ದು. ಸೆನ್ಸರ್ ಜೋಡಿಸಿದ ದಿನವೇ ಈ ಅಂಕಿಯನ್ನು ಓದಿದ್ದರೆ ಆಗಲೇ ತಿಳಿಯುತ್ತಿತ್ತು.

ಆ ಗಳಿಗೆಯ ಮಟ್ಟಿಗೆ ಕನೆಕ್ಟರ್ ಕಳಚಿ ಅಪ್‌ಲೋಡ್ ಮಾಡಿ ಮತ್ತೆ ಚುಚ್ಚಿದರೆ ಸಾಕು. ಆದರೆ ಮುಂದೆ ಬೇರೆಯವರು ಆ ಪೆಟ್ಟಿಗೆ ತೆರೆದರೆ ಇದೇ ಕಷ್ಟ ಪಡುತ್ತಾರೆಂದು ನಾನು ಡೇಟಾ ವೈರನ್ನು ಜಿಪಿಐಒ 27ಕ್ಕೆ ಬದಲಿಸಿದೆ. ರೀಸೆಟ್ ವೇಳೆ ಚಿಪ್ ಆ ಪಿನ್ ಓದುವುದಿಲ್ಲ.

```
#define SENSOR_PIN 27
OneWire oneWire(SENSOR_PIN);
```

ಪಿನ್ ಬದಲಿಸುವವರು ಜಿಪಿಐಒ 12ರ ಕಡೆ ಹೋಗಬಾರದು. ಸಾಮಾನ್ಯ 3.3 ವೋಲ್ಟ್ ಫ್ಲ್ಯಾಶ್ ಇರುವ ಮಾಡ್ಯೂಲಿನಲ್ಲಿ ರೀಸೆಟ್ ವೇಳೆ ಅದು ಹೈ ಇದ್ದರೆ ಚಿಪ್ ಫ್ಲ್ಯಾಶಿಗೆ 1.8 ವೋಲ್ಟ್ ಕೊಡುತ್ತದೆ, ಆಗ ಅಪ್‌ಲೋಡ್ ಇರಲಿ, ಹಳೆಯ ಪ್ರೋಗ್ರಾಮೂ ಏಳುವುದಿಲ್ಲ. ಇದು ನನ್ನ ದೋಷಕ್ಕಿಂತ ಕೆಟ್ಟದ್ದು.

ಸಂದೇಶ ಬೇರೆಯಾಗಿದ್ದರೆ ದಾರಿಯೂ ಬೇರೆ. `No serial data received` ಎಂದು ಬಂದರೆ ಚಿಪ್ಪಿನಿಂದ ಒಂದಕ್ಷರವೂ ತಲುಪಿಲ್ಲ, ಆಗ ಕೇಬಲ್, ಡ್ರೈವರ್, ಪೋರ್ಟ್ ನೋಡಬೇಕು. ಡೌನ್‌ಲೋಡ್ ಮೋಡ್ ಸಿಕ್ಕಿದೆ ಆದರೆ ಉತ್ತರವಿಲ್ಲ ಎಂದು ಅಪ್‌ಲೋಡ್ ಮಾಡುವ ಸಾಧನ `esptool` ಹೇಳಿದರೆ ಬೂಟ್ ಪಿನ್‌ಗಳು ಸರಿಯಿವೆ, ಕಂಪ್ಯೂಟರಿನಿಂದ ಚಿಪ್ಪಿನ ಕಡೆ ಹೋಗುವ ವೈರು ಎಲ್ಲೋ ಕಡಿದಿರಬಹುದು.

ಮರುದಿನ ತಿಕೋಟಾಕ್ಕೆ ಹೋಗಿ ವೈರು ಬದಲಿಸಿ, ಹೊಸ ಪಿನ್ ಸಂಖ್ಯೆಯ ಪ್ರೋಗ್ರಾಮ್ ತುಂಬಿ, ಸೆನ್ಸರ್ ಕನೆಕ್ಟರ್ ಹಾಕಿರುವಂತೆಯೇ ಮತ್ತೊಮ್ಮೆ ಅಪ್‌ಲೋಡ್ ಕೊಟ್ಟು ನೋಡಿದೆ. ಬಟನ್ ಮುಟ್ಟುವ ಅಗತ್ಯವೇ ಬೀಳಲಿಲ್ಲ. ಪೆಟ್ಟಿಗೆಯ ಮುಚ್ಚಳದ ಒಳಬದಿಗೆ “ಸೆನ್ಸರ್: 27” ಎಂದು ಮಾರ್ಕರಿನಲ್ಲಿ ಬರೆದು ಸ್ಕ್ರೂ ಬಿಗಿದೆ.