ತಪ್ಪು ಉತ್ತರಗಳ ನೋಟ್‌ಬುಕ್

ಮಂಡ್ಯದ ಒಂದು ಖಾಸಗಿ ಶಾಲೆಯಲ್ಲಿ 14 ವರ್ಷ ಗಣಿತ ಕಲಿಸಿದೆ. ಗಂಟಲು ಸೋತಿತ್ತು, ಸಂಬಳ ನಿಂತಲ್ಲೇ ನಿಂತಿತ್ತು. ಬೇರೆ ಕೆಲಸ ಹುಡುಕಲು ಶುರು ಮಾಡಿದಾಗ ನನಗೆ 40 ವರ್ಷ.

ಮೊದಲು ಮೈಸೂರಿನ ಒಂದು ಕಂಪನಿಯಲ್ಲಿ ಟ್ರೈನರ್ ಕೆಲಸಕ್ಕೆ ಡೆಮೊ ಕೊಟ್ಟೆ. ಪಾಠ ಚೆನ್ನಾಗಿ ಹೋಯಿತು. ಆಮೇಲೆ ಅವರು ಕೇಳಿದ್ದು, "ಇದನ್ನು ಕಲಿತವರು ಮುಂದಿನ ತಿಂಗಳು ಕೆಲಸದಲ್ಲಿ ಏನು ಬೇರೆ ಥರ ಮಾಡುತ್ತಾರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಕೆಲಸವೇ ನನಗೆ ಗೊತ್ತಿರಲಿಲ್ಲ, ಅಲ್ವಾ? ಆ ದಾರಿ ಬಿಟ್ಟೆ.

ಪಠ್ಯ ತಯಾರಿಸುವ ಸಂಸ್ಥೆಗಳಿಗೆ ಅರ್ಜಿ ಹಾಕಿದೆ. ಬಿ.ಎಡ್., 14 ವರ್ಷದ ಅನುಭವ, ಎಸ್‌ಎಸ್‌ಎಲ್‌ಸಿ ಫಲಿತಾಂಶ ಎಲ್ಲ ಬರೆದಿದ್ದೆ. ಯಾರೂ ತಿರುಗಿ ಬರೆಯಲಿಲ್ಲ. ಬಾಗಿಲು ತೆರೆದದ್ದು ಒಂದು ಹಳೇ ನೋಟ್‌ಬುಕ್. ಮಕ್ಕಳು ಮಾಡುವ ತಪ್ಪುಗಳನ್ನು ಅದರಲ್ಲಿ ಬರೆದಿಡುವುದು ನನ್ನ ರೂಢಿ. ಅದರಿಂದ 20 ತಪ್ಪು ಆರಿಸಿ, ಒಂದೊಂದಕ್ಕೂ ಬಹು ಆಯ್ಕೆಯ ಒಂದು ಪ್ರಶ್ನೆ ಬರೆದೆ. ಪ್ರತಿ ತಪ್ಪು ಆಯ್ಕೆಯ ಪಕ್ಕದಲ್ಲಿ, ಮಗು ಏನು ಯೋಚಿಸಿ ಅದನ್ನು ಆರಿಸುತ್ತದೆ ಎಂದು ಒಂದು ಸಾಲು ಬರೆದೆ. ಅದನ್ನು ಕಳಿಸಿದ ಮೇಲೆ ಬೆಂಗಳೂರಿನ ಒಂದು ಸಂಸ್ಥೆಯಿಂದ ಫೋನ್ ಬಂತು.

ಆದರೂ ನನ್ನ ಮೊದಲ ಪ್ರಶ್ನೆಯೇ ವಾಪಸ್ ಬಂತು. ಅದು ಆರನೇ ತರಗತಿಯ ದಶಮಾಂಶದ ಪ್ರಶ್ನೆ. 0.5, 0.35, 0.125, 0.08, ಇವುಗಳಲ್ಲಿ ದೊಡ್ಡದು ಯಾವುದು? ನನಗೆ ಈ ತಪ್ಪಿನ ಮೂಲ ಚೆನ್ನಾಗಿ ಗೊತ್ತಿತ್ತು. ಒಬ್ಬ ಹುಡುಗ ಅಪ್ಪನ ಕಬ್ಬಿನ ತೂಕದ ಚೀಟಿ ತಂದಿದ್ದ. ಅದರಲ್ಲಿ 12.350 ಟನ್ ಎಂದಿತ್ತು. 12.5 ಟನ್ ಅದಕ್ಕಿಂತ ಕಡಿಮೆ ಎಂದು ವಾದಿಸಿದ. "ಅಲ್ಲಿ 350 ಕೆಜಿ ಇದೆ ಮಿಸ್, ಇಲ್ಲಿ ಐದೇ ಕೆಜಿ." ಚುಕ್ಕಿಯ ಆಚೆಗಿನದನ್ನು ಬೇರೆಯೇ ಒಂದು ಪೂರ್ಣಸಂಖ್ಯೆ ಅಂತ ಓದುವ ಮಗು 0.125 ಆರಿಸುತ್ತದೆ. ಅಷ್ಟು ಸಾಕು ಅಂದುಕೊಂಡಿದ್ದೆ.

ರಿವ್ಯೂ ಮಾಡುವವರು ಕೇಳಿದರು, "ಮೇಡಂ, ಅಂಕಿ ಕಡಿಮೆ ಇದ್ದರೆ ದೊಡ್ಡದು ಅಂದುಕೊಂಡ ಮಗು?" ಹತ್ತನೇ ಒಂದು ಭಾಗ ನೂರನೇ ಒಂದು ಭಾಗಕ್ಕಿಂತ ದೊಡ್ಡದು ಎಂದು ಕಲಿಸುತ್ತೇವೆ. ಕೆಲವು ಮಕ್ಕಳು ಅದನ್ನು ಹಿಡಿದು, ಚುಕ್ಕಿಯ ಮುಂದೆ ಉದ್ದ ಜಾಸ್ತಿ ಇದ್ದರೆ ಸಂಖ್ಯೆ ಸಣ್ಣದು ಎಂದು ತೀರ್ಮಾನಿಸಿಬಿಡುತ್ತಾರೆ. ಅಂಥ ಮಗು 0.5 ಆರಿಸುತ್ತದೆ. ನನ್ನ ಪ್ರಶ್ನೆಗೆ ಸರಿ ಉತ್ತರವೂ ಅದೇ! ಏನೂ ಅರ್ಥವಾಗದ ಮಗುವಿಗೆ ನಾನೇ ಪೂರ್ತಿ ಅಂಕ ಕೊಟ್ಟಂತಾಗುತ್ತಿತ್ತು. ಇನ್ನೊಂದು ಪ್ರಶ್ನೆ, "0.08 ಯಾವ ಮಗು ಆರಿಸುತ್ತೆ?" ಯೋಚಿಸಿದೆ. ಒಂದು ಮುಖವೂ ನೆನಪಿಗೆ ಬರಲಿಲ್ಲ. ಸುಮ್ನೆ ಜಾಗ ತುಂಬಲು ಹಾಕಿದ್ದೆ, ತೆಗೆದೆ.

ಹೊಸ ಆಯ್ಕೆಗಳು ಮೂರೇ: 0.4, 0.275, 0.53. ಸರಿ ಉತ್ತರ 0.53. ಪೂರ್ಣಸಂಖ್ಯೆ ಥರ ಓದುವ ಮಗು 0.275ಕ್ಕೆ ಹೋಗುತ್ತದೆ. ಉದ್ದ ಕಡಿಮೆ ಇದ್ದದ್ದೇ ದೊಡ್ಡದು ಎನ್ನುವ ಮಗು 0.4ಕ್ಕೆ ಹೋಗುತ್ತದೆ. ಮನೆಗೆ ಟ್ಯೂಷನ್‌ಗೆ ಬರುವ 22 ಮಕ್ಕಳಿಗೆ ಕೊಟ್ಟು ನೋಡಿದೆ. 10 ಮಕ್ಕಳು ಸರಿ. 8 ಮಕ್ಕಳು 0.275, 4 ಮಕ್ಕಳು 0.4. ಹಳೇ ಪ್ರಶ್ನೆಯಲ್ಲಿ ಆ ನಾಲ್ವರಿಗೂ ರೈಟ್ ಬೀಳುತ್ತಿತ್ತು. ಯಾರೂ ಮುಟ್ಟದ ಆಯ್ಕೆ ಇದ್ದರೆ ಅದು ಕೆಲಸಕ್ಕೆ ಬಾರದ್ದು ಅಂತಲೂ ಹೀಗೆ ಕೊಟ್ಟು ನೋಡಿದಾಗಲೇ ತಿಳಿಯುವುದು.

ಶಾಲೆ ತಕ್ಷಣ ಬಿಡಲಿಲ್ಲ. ಹೆಡ್‌ಮಿಸ್ ಅವರಿಗೆ ಹೇಳಿ, ಏಪ್ರಿಲ್–ಮೇ ರಜೆಯಲ್ಲಿ ಪ್ರಶ್ನೆಗೆ ಇಷ್ಟು ಅಂತ ದುಡ್ಡಿಗೆ ಬರೆದೆ. (ಸರ್ಕಾರಿ ಶಾಲೆಯವರಾದರೆ ಮೊದಲೇ ಲಿಖಿತ ಅನುಮತಿ ಬೇಕು.) ದಿನಕ್ಕೆ 15 ಬರೆಯಬಹುದು ಅಂದುಕೊಂಡಿದ್ದೆ, ಆರು ದಾಟಲಿಲ್ಲ. ಪ್ರಶ್ನೆಗೆ ಇಷ್ಟು ಅಂತ ಒಪ್ಪುವ ಮೊದಲು, ತಿದ್ದುವ ಸಮಯಕ್ಕೂ ಹಣ ಇದೆಯಾ ಅಂತ ಕೇಳಬೇಕಿತ್ತು, ನಾನು ಕೇಳಿರಲಿಲ್ಲ. ಮರುವರ್ಷ ತಿಂಗಳ ಸಂಬಳದ ಕೆಲಸ ಸಿಕ್ಕ ಮೇಲೆ, ಮಾರ್ಚ್ ಪರೀಕ್ಷೆ ಮುಗಿಸಿ ಶಾಲೆ ಬಿಟ್ಟೆ.

ಈಗ ಮನೆಯಿಂದಲೇ ಕೆಲಸ. ಮಕ್ಕಳಿಂದ ದೂರವಾದರೆ ನೋಟ್‌ಬುಕ್ ಖಾಲಿಯಾಗುತ್ತದೆ ಎನ್ನುವುದು ಆರೇ ತಿಂಗಳಿಗೆ ಗೊತ್ತಾಯಿತು. ನಾನು ಬರೆಯುವ ತಪ್ಪು ಆಯ್ಕೆಗಳು ನನ್ನ ಊಹೆಗಳಾಗತೊಡಗಿದ್ದವು. ಅದಕ್ಕೇ ಶನಿವಾರದ ಟ್ಯೂಷನ್ ಬಿಟ್ಟಿಲ್ಲ. ಕಳೆದ ವಾರ ಒಬ್ಬ ಹುಡುಗಿಗೆ 0.7, 0.8, 0.9 ಆದ ಮೇಲೆ ಮುಂದಿನದು ಬರಿ ಎಂದೆ. 0.10 ಎಂದು ಬರೆದಳು. ಅವಳ ಎದುರೇ ನೋಟ್‌ಬುಕ್ ತೆಗೆದು ಬರೆದುಕೊಂಡೆ.