ಓರೆಯಾಗಿದ್ದ ಕಪಾಟು ನೇರವಾದದ್ದು ಹೀಗೆ

ಮಡಿಕೇರಿಯ ನಮ್ಮ ಮನೆಗೆ ಬಿಡಿಭಾಗಗಳಲ್ಲಿ ಬಂದ ಪುಸ್ತಕದ ಕಪಾಟನ್ನು ಜೋಡಿಸಿದೆ. ಓರೆಯಾಗಿ ಅಲ್ಲಾಡುತ್ತಿತ್ತು. ಜೊತೆಗೆ ಬಂದ ಸೂಚನೆ ಹಾಳೆಯ ಚಿತ್ರದಲ್ಲಿನ 7ನೇ ಭಾಗ, ಅಂದರೆ ಹಿಂಬದಿಯ ತೆಳು ಹಲಗೆಗೆ, ಅಳತೆ ನೋಡದೆ ಸುಮ್ನೆ ಮೊಳೆ ಹೊಡೆದಿದ್ದೆ.

ಮೊಳೆ ಕಿತ್ತು ಮತ್ತೆ ಶುರು ಮಾಡಿದೆ. ಮೊದಲು ಪಕ್ಕದ ಹಲಗೆಗಳಿಗೆ ಬೋಲ್ಟ್. ಆಮೇಲೆ ಅಡ್ಡ ಹಲಗೆಗಳಿಗೆ, ಬೋಲ್ಟಿನ ತಲೆಯನ್ನು ಹಿಡಿದು ಬಿಗಿಯುವ ದುಂಡು ಲಾಕ್. ಅದರ ಮೇಲಿನ ಬಾಣ ಬೋಲ್ಟ್ ಬರುವ ತೂತಿನ ಕಡೆಗೇ ಇರಬೇಕು, ಇಲ್ಲದಿದ್ದರೆ ಬೋಲ್ಟಿನ ತಲೆ ಒಳಗೆ ಹೋಗುವುದಿಲ್ಲ.

ಕಪಾಟನ್ನು ಮಲಗಿಸಿ ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿದೆ. ಒಂದು 191 ಸೆಂ.ಮೀ., ಇನ್ನೊಂದು 192. ಜಾಸ್ತಿ ಇದ್ದ ಕಡೆಯ ಮೂಲೆಗಳನ್ನು ಮೆಲ್ಲಗೆ ಒಳಕ್ಕೆ ಒತ್ತಿದೆ. ಎರಡೂ 191.5 ಆಗಿ ಚೌಕಟ್ಟು ನೇರವಾದ ಮೇಲೆಯೇ ಹಿಂಬದಿಯ ಹಲಗೆಗೆ ಮೊಳೆ ಹೊಡೆದೆ.

ಬೀಳದಂತೆ ಗೋಡೆಗೆ ಕಟ್ಟಿ ಎಂಬ ಹಾಳೆಯ ಎಚ್ಚರಿಕೆಯನ್ನೂ ಈ ಸಲ ಪಾಲಿಸಿದೆ. ನಮ್ಮ ಮಳೆಗಾಲದಲ್ಲಿ ಒದ್ದೆಯಾಗುವ ಗೋಡೆ ಬಿಟ್ಟು, ಒಣ ಗೋಡೆಗೆ.