ಪಿಎಫ್ ತೆಗೆಯುವ ಮುನ್ನ ಹಳೇ ಖಾತೆ ಸೇರಿಸಿ

ಐದು ವರ್ಷ ತುಂಬುವ ಮೊದಲೇ ಪಿಎಫ್ ಪೂರ್ತಿ ತೆಗೆದರೆ, ಮೊತ್ತ 50,000 ರೂಪಾಯಿ ಮುಟ್ಟಿದ್ದರೆ 10% ಟಿಡಿಎಸ್ ಕಡಿತವಾಗುತ್ತದೆ. ಪ್ಯಾನ್ ಜೋಡಿಸಿರದಿದ್ದರೆ 20%. ಇಷ್ಟು ತುಂಬ ಜನರಿಗೆ ಗೊತ್ತು. ಆದರೆ ಐದು ವರ್ಷವನ್ನು ಲೆಕ್ಕ ಹಾಕುವುದರಲ್ಲೇ ಎಡವುತ್ತಾರೆ.

ನನಗೆ ಪರಿಚಯದ ಹುಡುಗಿಯೊಬ್ಬಳು ಮೊದಲ ಕಂಪನಿಯಲ್ಲಿ 3 ವರ್ಷ 2 ತಿಂಗಳು, ಎರಡನೆಯದರಲ್ಲಿ 2 ವರ್ಷ 4 ತಿಂಗಳು ದುಡಿದಳು. ಒಟ್ಟು ಐದೂವರೆ ವರ್ಷ. ಹಳೇ ಖಾತೆಯಲ್ಲಿ 1,80,000, ಹೊಸದರಲ್ಲಿ 1,40,000 ಇತ್ತು. ಎರಡನ್ನೂ ಬೇರೆ ಬೇರೆಯಾಗಿ ತೆಗೆದಳು. 32,000 ರೂಪಾಯಿ ಹೋಯಿತು. ಹಳೇ ಹಣವನ್ನು ಮೊದಲು ಹೊಸ ಖಾತೆಗೆ ವರ್ಗಾಯಿಸಿದ್ದರೆ ಎರಡೂ ಕಡೆಯ ಸೇವೆ ಕೂಡಿ, ಒಂದು ರೂಪಾಯಿಯೂ ಕಡಿತವಾಗುತ್ತಿರಲಿಲ್ಲ. ಯುಎಎನ್ ಒಂದೇ ಇದ್ದ ಮಾತ್ರಕ್ಕೆ ಖಾತೆಗಳು ಒಂದಾಗುವುದಿಲ್ಲ!

ಮೊದಲ ಹೆಜ್ಜೆ: ಪಿಎಫ್ ಸದಸ್ಯರ ಪೋರ್ಟಲ್‌ನಲ್ಲಿ ಪ್ಯಾನ್, ಆಧಾರ್, ಬ್ಯಾಂಕ್ ವಿವರ ಸರಿ ಇದೆಯೇ ನೋಡಿ.

ಎರಡನೆಯದು: View ಅಡಿಯ Service History ತೆರೆಯಿರಿ. ಹಳೇ ಕಂಪನಿ ಬಿಟ್ಟ ದಿನಾಂಕ ಖಾಲಿ ಇದ್ದರೆ ವರ್ಗಾವಣೆ ಅಲ್ಲೇ ನಿಲ್ಲುತ್ತದೆ. ಕೊನೆಯ ಕಂತು ಬಿದ್ದು ಎರಡು ತಿಂಗಳಾಗಿದ್ದರೆ Manage ಅಡಿಯ Mark Exit ಒತ್ತಿ ನೀವೇ ತುಂಬಬಹುದು.

ಮೂರನೆಯದು: Online Services ಅಡಿಯಲ್ಲಿ One Member - One EPF Account (Transfer Request) ಆರಿಸಿ ಅರ್ಜಿ ಹಾಕಿ. ಹಾಕಿದ್ದೇ ತಡ ಹಣ ತೆಗೆಯಲು ಹೋಗಬೇಡಿ. ಅರ್ಜಿ ಒಪ್ಪಿಗೆಯಾದದ್ದು ಕಂಡರೂ ಸಾಲದು. ಹೊಸ ಖಾತೆಯ ಪಾಸ್‌ಬುಕ್ ತೆಗೆದು, ನಿಮ್ಮ ಪಾಲು, ಕಂಪನಿಯ ಪಾಲು ಎರಡೂ ಜಮೆಯಾಗಿವೆಯೇ ನೋಡಿ. ಪಿಂಚಣಿ ಕಾಲಂನಲ್ಲಿ ಸೊನ್ನೆ ಕಂಡರೆ ಗಾಬರಿ ಬೇಡ. ಅಲ್ಲಿ ಹಣ ವರ್ಗವಾಗದು, ಸೇವೆಯ ಅವಧಿ ಮಾತ್ರ ವರ್ಗವಾಗುತ್ತದೆ. ಆ ಪುಟವನ್ನು ಪ್ರಿಂಟ್ ಮಾಡಿ ಇಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಆಮೇಲೆ ಹಣ ತೆಗೆಯುವ ಅರ್ಜಿ ಹಾಕಿ.

ಸೇವೆ ಕೂಡಿಸಿದರೂ ಐದು ವರ್ಷ ಆಗದಿದ್ದರೆ? ಕಾಯಿಲೆಯಿಂದಲೋ ಕಂಪನಿ ಮುಚ್ಚಿದ್ದರಿಂದಲೋ ಕೆಲಸ ಹೋಗಿದ್ದರೆ ವಿನಾಯಿತಿ ಇದೆ, ದಾಖಲೆ ಇಟ್ಟುಕೊಳ್ಳಿ. ಉಳಿದವರಿಗೆ ಸೈಬರ್ ಸೆಂಟರ್‌ಗಳಲ್ಲಿ 'ಸುಮ್ನೆ ತೆರಿಗೆ ಇಲ್ಲ ಅಂತ ಫಾರಂ ಕೊಡಿ' ಎನ್ನುತ್ತಾರೆ. ಆ ಫಾರಂ, ಈ ವರ್ಷದ ಒಟ್ಟು ಆದಾಯಕ್ಕೆ ತೆರಿಗೆಯೇ ಬರುವುದಿಲ್ಲ ಎಂದು ನೀವು ಬರೆದುಕೊಡುವ ಮಾತು. ಸುಳ್ಳು ಬರೆದರೆ ಶಿಕ್ಷೆಯುಂಟು. ನಿಜವಾಗಿ ಆದಾಯ ಕಡಿಮೆ ಇದ್ದರೆ ಮಾತ್ರ ಕೊಡಿ.

10% ಕಡಿತವಾದರೆ ಲೆಕ್ಕ ಮುಗಿಯಿತು ಎಂದುಕೊಳ್ಳಬೇಡಿ. ಕಂಪನಿಯ ಪಾಲು ಮತ್ತು ಬಡ್ಡಿ ಆ ವರ್ಷದ ಆದಾಯಕ್ಕೆ ಸೇರುತ್ತವೆ. 30% ಹಂತದಲ್ಲಿ ಇರುವವರು ಉಳಿದದ್ದನ್ನು ಕಟ್ಟಬೇಕು. ತೆರಿಗೆ ಬಾರದವರು ರಿಟರ್ನ್ ಸಲ್ಲಿಸಿ ಕಡಿತವಾದದ್ದನ್ನು ವಾಪಸ್ ಪಡೆಯಬಹುದು.